ಸಹೋದ್ಯೋಗಿ ನನ್ನ ಪರವಾಗಿ ದಾಖಲೆ ತರಬೇಕು, ಆದ್ರೆ ಲೆಕ್ಕ ಒಪ್ಪಿಕೊಳ್ಳಬಾರದು: ಪತ್ರ ಹೇಗೆ ಬರೆಯೋದು?

ಮಳೆಹನಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಳೆ ಕೆಲಸ ಬಿಟ್ಟು ಬೇರೆ ಊರಿಗೆ ಬಂದಿದ್ದೇನೆ. ಹಳೆ ಆಫೀಸಿನಿಂದ ಕೆಲವು ಕಾಗದ ಬರಬೇಕು. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಸೇರುವಾಗ ಅವರು ಇಟ್ಟುಕೊಂಡಿದ್ದ ಎರಡು ಮೂಲ ಮಾರ್ಕ್ಸ್ ಕಾರ್ಡ್, ಜೊತೆಗೆ ಫೈನಲ್ ಸೆಟ್ಲ್‌ಮೆಂಟ್ ಲೆಕ್ಕದ ಹಾಳೆ. ಜೂನ್ 9ರಿಂದ 13ರ ಒಳಗೆ ಬಂದು ತೆಗೆದುಕೊಂಡು ಹೋಗಿ, ಬರೋಕಾಗದಿದ್ದರೆ ಆಥರೈಸೇಶನ್ ಲೆಟರ್ ಕೊಟ್ಟು ಯಾರನ್ನಾದರೂ ಕಳಿಸಿ ಅಂದಿದ್ದಾರೆ. ಹೊಸ ಕೆಲಸಕ್ಕೆ ಸೇರಿ ಹತ್ತು ದಿನ ಆಗಿಲ್ಲ, ರಜೆ ಕೇಳೋ ಹಾಗಿಲ್ಲ.

ಅಲ್ಲೇ ಇರುವ ಒಬ್ಬ ಸಹೋದ್ಯೋಗಿ ತಂದುಕೊಡ್ತೀನಿ ಅಂದಿದ್ದಾರೆ. ನಂಬಿಕಸ್ಥರು, ಅದರ ಬಗ್ಗೆ ಚಿಂತೆಯಿಲ್ಲ. ತೊಂದರೆ ಇರೋದು ಲೆಕ್ಕದಲ್ಲಿ. ನನ್ನ ಬಾಕಿ ರಜೆ 11 ದಿನ. ಅವರು 4 ದಿನಕ್ಕೆ ಮಾತ್ರ ದುಡ್ಡು ಲೆಕ್ಕ ಹಾಕಿದ್ದಾರೆ. ಇದರ ಬಗ್ಗೆ ಮೇಲ್ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಕಾಗದ ಬೇಕು, ಆದ್ರೆ ಆ ಲೆಕ್ಕಕ್ಕೆ ಒಪ್ಪಿಕೊಂಡ ಹಾಗೆ ಆಗಬಾರದು.

ನಾನು ಬರೆದಿರೋದು ಇಷ್ಟು:

"ನನ್ನ ಸಹೋದ್ಯೋಗಿಯಾದ ಇವರಿಗೆ ನನ್ನ ಪರವಾಗಿ ನನ್ನ ಎಲ್ಲ ದಾಖಲೆಗಳನ್ನು ಪಡೆಯಲು ಮತ್ತು ಅದಕ್ಕೆ ಸಂಬಂಧಿಸಿದ ಎಲ್ಲ ಕಾಗದಗಳಿಗೆ ಸಹಿ ಹಾಕಲು ಅಧಿಕಾರ ನೀಡಿರುತ್ತೇನೆ. ದಯವಿಟ್ಟು ಸಹಕರಿಸಿ."

ಇಷ್ಟು ಸಾಕಾ?

ಖಡಕ್_ಮಾತು

ಸಾಕಾಗಲ್ಲ ಮೇಡಂ. ನೋಟರಿ ಮುದ್ರೆ ಇಲ್ಲದ ಪತ್ರಕ್ಕೆ ಬೆಲೆಯೇ ಇಲ್ಲ. ಬಿಳಿ ಹಾಳೆ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಮೊದಲು ನೋಟರಿ ಮಾಡಿಸಿ, ಆಮೇಲೆ ಒಳಗಿನ ಮಾತು.

ಅಂಚೆ_ಚೀಲ

ನನಗೂ ಇದೇ ಸಮಸ್ಯೆ. ಅಮ್ಮನಿಗೆ ನಡೆಯೋಕಾಗಲ್ಲ. ಅವರ ಬ್ಯಾಂಕ್ ಖಾತೆಯಿಂದ ನಾನು ಹಣ ತೆಗೀಬೇಕು. ಇದೇ ಥರ ಪತ್ರ ಬರೆದುಕೊಟ್ಟರೆ ಬ್ಯಾಂಕಿನವರು ಒಪ್ಪುತ್ತಾರಾ?

ಹಳೇ_ಗುಮಾಸ್ತ

ಅಂಚೆ_ಚೀಲ, ನಿಮ್ಮದು ಬೇರೆ ವಿಷಯ. ಕಾಗದ ತರೋದಕ್ಕೂ ಖಾತೆಯಿಂದ ಹಣ ತೆಗೆಯೋದಕ್ಕೂ ತುಂಬಾ ವ್ಯತ್ಯಾಸ ಇದೆ. ಬ್ಯಾಂಕಿನವರು ಅವರದ್ದೇ ಫಾರಂ ಕೊಡ್ತಾರೆ, ಅಲ್ಲಿಯೇ ಕೇಳಿ. ಇಲ್ಲಿ ಓದಿದ್ದನ್ನು ಅಲ್ಲಿಗೆ ಒಯ್ಯಬೇಡಿ.

ಖಡಕ್_ಮಾತು ಹೇಳಿದ್ದು ಅರ್ಧ ಸರಿ. ಆಸ್ತಿ ವ್ಯವಹಾರ, ಕೋರ್ಟು ಕೆಲಸ, ದೊಡ್ಡ ಹಣದ ವ್ಯವಹಾರ, ಇವಕ್ಕೆಲ್ಲ ಸಾದಾ ಪತ್ರ ನಡೆಯಲ್ಲ. ಅಲ್ಲಿ ಪವರ್ ಆಫ್ ಅಟಾರ್ನಿ ಕೇಳ್ತಾರೆ. ಆದ್ರೆ ಒಂದು ಕೌಂಟರಿನಿಂದ ನಾಲ್ಕು ಕಾಗದ ತರೋಕೆ, ಆ ಆಫೀಸಿನವರೇ "ಪತ್ರ ಕೊಟ್ಟು ಕಳಿಸಿ" ಅಂದಿರುವಾಗ, ಸಹಿ ಮಾಡಿದ ಪತ್ರವೇ ಸಾಕು. ನೋಟರಿ ಬೇಕೋ ಬೇಡವೋ ಅನ್ನೋದನ್ನ ಕಾಗದ ಕೊಡೋರನ್ನೇ ಒಂದು ಸಾಲಿನ ಮೇಲಿನಲ್ಲಿ ಕೇಳಿಬಿಡಿ. ಊಹೆ ಮಾಡೋದು ಯಾಕೆ?

ಇನ್ನೊಂದು ವಿಷಯ. ನೋಟರಿ ಮುದ್ರೆ ಬಿದ್ದರೆ ಸಹಿ ನಿಮ್ಮದು ಅನ್ನೋದು ಗಟ್ಟಿ ಆಗುತ್ತೆ, ಅಷ್ಟೇ. ಪತ್ರದಲ್ಲಿ "ಎಲ್ಲ ಕಾಗದಗಳಿಗೆ ಸಹಿ" ಅಂತ ಇದ್ದರೆ ಆ "ಎಲ್ಲ" ಹಾಗೇ ಉಳಿಯುತ್ತೆ. ಇನ್ನೂ ಗಟ್ಟಿಯಾಗಿ ಉಳಿಯುತ್ತೆ.

ಮಳೆಹನಿ ಅವರೇ, ನಿಮ್ಮ ಪತ್ರದ ತೊಂದರೆ ಆ ಒಂದು ಪದದಲ್ಲೇ ಇದೆ. ನಾನು ಬಹಳ ವರ್ಷ ರೆಕಾರ್ಡ್ ಕೌಂಟರಿನಲ್ಲಿ ಕೂತವನು. ಕೌಂಟರಿನಲ್ಲಿ ನಿಮ್ಮ ಸಹೋದ್ಯೋಗಿ ಮುಂದೆ ಒಂದು ಅಚ್ಚು ಹಾಕಿದ ರಸೀದಿ ಇಡ್ತಾರೆ. ಮೇಲಿನ ಸಾಲು, "ಕೆಳಗಿನ ದಾಖಲೆಗಳನ್ನು ಪಡೆದಿದ್ದೇನೆ." ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, "ನನಗೆ ಬರಬೇಕಾದ ಎಲ್ಲ ಬಾಕಿ ಪೂರ್ತಿಯಾಗಿ ಬಂದಿದೆ, ಇನ್ನು ಮುಂದೆ ಯಾವ ಹಕ್ಕುಕೇಳಿಕೆಯೂ ಇರುವುದಿಲ್ಲ." ಸಹಿ ಜಾಗ ಒಂದೇ. ನೀವು "ಎಲ್ಲ ಕಾಗದಗಳಿಗೆ" ಅಂದಿದ್ದೀರಿ. ಅವರು ಹಾಕಿದ ಒಂದು ಸಹಿ ಎರಡೂ ಸಾಲಿಗೆ ಅನ್ವಯ ಆಗುತ್ತೆ. ನಿಮ್ಮ 7 ದಿನದ ರಜೆ ದುಡ್ಡು ಅಲ್ಲಿಗೆ ಕಷ್ಟಕ್ಕೆ ಬಿತ್ತು.

ಮಳೆಹನಿ

ಅಯ್ಯೋ, ಇದು ತಲೆಗೇ ಹೊಳೆದಿರಲಿಲ್ಲ. ಆದ್ರೆ ನಾನು ಅವರಿಗೆ ಫೋನಿನಲ್ಲಿ ಹೇಳಿದ್ದೀನಿ, ಲೆಕ್ಕದ ಹಾಳೆಗೆ ಸಹಿ ಹಾಕಬೇಡಿ ಅಂತ. ಅವರು ಹಾಕಲ್ಲ.

ಹಳೇ_ಗುಮಾಸ್ತ

ಹಾಕಲ್ಲ ಅನ್ನೋದು ಅವರ ಒಳ್ಳೆತನ. ಆದ್ರೆ ಕೌಂಟರಿನಲ್ಲಿ ಕೂತವರಿಗೆ ನಿಮ್ಮ ಫೋನ್ ಮಾತು ಗೊತ್ತಿಲ್ಲ ಅಲ್ವಾ? ಅವರು ನೋಡೋದು ಪತ್ರ ಮಾತ್ರ. ಪತ್ರದಲ್ಲಿ ಎಲ್ಲದಕ್ಕೂ ಅಧಿಕಾರ ಇದೆ, ಎದುರಿಗೆ ನಿಂತ ಮನುಷ್ಯ ಸಹಿ ಹಾಕಿದ. ಅವರು ಪತ್ರ ನಂಬಿ ಕೆಲಸ ಮುಗಿಸಿದರು. ಆಮೇಲೆ ನೀವು "ನಾನು ಬೇಡ ಅಂದಿದ್ದೆ" ಅಂದ್ರೆ, "ನಮಗೆ ಹೇಳಿರಲಿಲ್ಲವಲ್ಲ" ಅಂತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕೋದು ಕಷ್ಟ.

ಅದಕ್ಕೇ ಮಿತಿಯನ್ನ ಸಹೋದ್ಯೋಗಿಗೆ ಹೇಳಿದ್ರೆ ಸಾಲದು, ಪತ್ರದೊಳಗೇ ಬರೀಬೇಕು. ಆಗ ಕೌಂಟರಿನವರೂ ಅದನ್ನ ಓದಿಯೇ ಕಾಗದ ಕೊಟ್ಟ ಹಾಗೆ. ನಿಮ್ಮ ಸಹೋದ್ಯೋಗಿಗೂ ಅನುಕೂಲ. "ಸಹಿ ಹಾಕಿ, ಏನಾಗಲ್ಲ" ಅಂತ ಒತ್ತಾಯ ಮಾಡಿದ್ರೆ ಪತ್ರ ತೋರಿಸಿ "ನನಗೆ ಅಧಿಕಾರ ಇಲ್ಲ" ಅಂದುಬಿಡಬಹುದು. ಜಗಳ ಆಡೋದು ಬೇಕಿಲ್ಲ.

ದಾರಿಹೋಕ

ಎಲ್ಲರೂ ಪತ್ರ ಕೊಡೋರ ಬಗ್ಗೆಯೇ ಮಾತಾಡ್ತಿದ್ದೀರಿ. ನಾನು ತರೋಕೆ ಹೋದವನು, ನನ್ನ ಕಥೆ ಕೇಳಿ.

ಒಬ್ಬ ಸ್ನೇಹಿತ ತರಬೇತಿಗೆ ಹೋಗಿದ್ದ. ಅವನ ಸರ್ಟಿಫಿಕೇಟುಗಳ ಕವರ್ ತರೋಕೆ ನನ್ನ ಕಳಿಸಿದ. ಕವರ್ ಅಂಟಿಸಿತ್ತು. ರಸೀದಿಯಲ್ಲಿ "6 ದಾಖಲೆ, ಸುಸ್ಥಿತಿಯಲ್ಲಿ" ಅಂತ ಬರೆದಿತ್ತು. ಬೇರೆಯವರ ಕವರ್ ನಾನ್ಯಾಕೆ ಒಡೀಲಿ ಅಂತ ಸುಮ್ನೆ ಸಹಿ ಹಾಕಿದೆ. ಅವನು ಬಂದು ಒಡೆದು ನೋಡಿದರೆ ಒಳಗೆ 5. ಆಫೀಸಿನವರು ನನ್ನ ಸಹಿ ತೋರಿಸಿ "6 ಕೊಟ್ಟಿದ್ದೀವಿ" ಅಂದ್ರು. ಸ್ನೇಹಿತ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದ್ರೆ ಆ ನೋಟ ಇವತ್ತಿಗೂ ನೆನಪಿದೆ. ಅದಾದ ಮೇಲೆ ಯಾರ ಕಾಗದ ತರೋಕೂ ಹೋಗಿಲ್ಲ.

ಖಡಕ್_ಮಾತು

ತಪ್ಪು ನಿಮ್ಮದೇ ಅಲ್ವಾ ಅಣ್ಣ? ಎಣಿಸದೆ ಸಹಿ ಹಾಕಿದ್ರಿ.

ದಾರಿಹೋಕ

ಹೌದು ಮಾರಾಯ್ರೇ, ನನ್ನದೇ. ಆದ್ರೆ ಒಡೆಯೋ ಅನುಮತಿ ನನಗೆ ಯಾರು ಕೊಟ್ಟಿದ್ದರು?

ಹಳೇ_ಗುಮಾಸ್ತ

ಒಳ್ಳೆ ಪ್ರಶ್ನೆ ಇದು. ಕವರ್ ಒಡೆಯಬೇಕೋ ಬೇಡವೋ ಅಂತ ಪತ್ರದಲ್ಲಿಯೇ ಹೇಳಬೇಕು. ಎರಡು ದಾರಿ ಇದೆ. ಒಡೆದು ಎಣಿಸೋ ಅಧಿಕಾರ ಕೊಡಿ, ಆಗ ಅವರು ಎಣಿಸಿ ಸಹಿ ಹಾಕ್ತಾರೆ. ಇಲ್ಲವೇ ಒಡೆಯಬೇಡಿ ಅನ್ನಿ. ಆಗ ರಸೀದಿ ಮೇಲೆ "ಅಂಟಿಸಿದ ಕವರ್ ಒಂದು, ಒಳಗಿನದು ನೋಡಿಲ್ಲ" ಅಂತ ಅವರ ಕೈಯಲ್ಲೇ ಬರೆದು ಸಹಿ ಹಾಕಬೇಕು. ಒಳಗೆ ನೋಡದೆ "6 ದಾಖಲೆ" ಅಂತ ಒಪ್ಪಿಕೊಳ್ಳೋದು ಮಾತ್ರ ಬೇಡ.

ಮಳೆಹನಿ ಅವರ ವಿಷಯದಲ್ಲಿ ನಾನಾಗಿದ್ರೆ ಒಡೆದು ನೋಡೋಕೆ ಹೇಳ್ತಿದ್ದೆ. ಮೂಲ ಮಾರ್ಕ್ಸ್ ಕಾರ್ಡ್ ಇದೆ. ಮೂಲದ ಬದಲು ಜೆರಾಕ್ಸ್ ಇಟ್ಟು ಕೊಟ್ಟರೆ ಊರಿಗೆ ಬಂದ ಮೇಲೆ ಏನು ಮಾಡ್ತೀರಿ?

ಸಂಜೆ_ಪಾಳಿ

ನಾನು ಈಗ ಅಂಥದ್ದೇ ಕೌಂಟರಿನಲ್ಲಿ ಕೆಲಸ ಮಾಡ್ತೀನಿ, ಎಚ್‌ಆರ್ ವಿಭಾಗದಲ್ಲಿ. ಗುಮಾಸ್ತ ಸರ್ ಹೇಳಿದ್ದು ಹೆಚ್ಚಿನದು ಸರಿ. ಆದ್ರೆ ನಮ್ಮ ಕಡೆ ನೋಟವನ್ನೂ ಹೇಳಬೇಕು.

ನಮಗೆ ಪತ್ರ ಬಂದಾಗ ಮೊದಲು ನೋಡೋದು ಸಹಿ. ಫೈಲಿನಲ್ಲಿ ಸೇರುವಾಗಿನ ಫಾರಂ ಇರುತ್ತೆ, ಅದರ ಪಕ್ಕ ಇಟ್ಟು ನೋಡ್ತೀವಿ. ಜನ ಸೇರುವಾಗ ಪೂರ್ತಿ ಹೆಸರು ಬರೆದು ಸಹಿ ಹಾಕಿರ್ತಾರೆ. ನಾಲ್ಕು ವರ್ಷ ಆದ ಮೇಲೆ ಒಂದು ಗೀಟು, ಕೆಳಗೆ ಎರಡು ಚುಕ್ಕಿ. ಹೇಗೆ ಕೊಡೋದು? ಹೋದ ವಾರ ಒಬ್ಬರನ್ನ ಇದೇ ಕಾರಣಕ್ಕೆ ವಾಪಸ್ ಕಳಿಸಿದೆ. ಪಾಪ, ಎರಡು ಬಸ್ ಬದಲಿಸಿ ಬಂದಿದ್ದರು.

ಎರಡನೇದು ಬಂದವರ ಹೆಸರು. ಪತ್ರದಲ್ಲಿ ಕರೆಯೋ ಹೆಸರು ಬರೆದಿರ್ತಾರೆ, ಗುರುತಿನ ಚೀಟಿಯಲ್ಲಿ ಬೇರೆ ಇರುತ್ತೆ. ಇನಿಷಿಯಲ್ ಮುಂದೆ ಹಿಂದೆ ಆದ್ರೂ ನಮ್ಮ ಮೇಲಿನವರು ಕೇಳ್ತಾರೆ. ಗುರುತಿನ ಚೀಟಿ ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೀರಿ.

ಇನ್ನು ಒಂದು ವಿಷಯಕ್ಕೆ ನನ್ನ ತಕರಾರು ಇದೆ. ರಸೀದಿ ಮೇಲೆ ಬಂದವರು ಏನೇನೋ ಬರೆಯೋದು ನಮಗೆ ಇಷ್ಟ ಆಗಲ್ಲ. ಅಚ್ಚು ಫಾರಂನಲ್ಲಿ ಸಾಲು ಹೊಡೆದರೆ ಅದು ನಮ್ಮ ಆಡಿಟ್‌ಗೆ ತಲೆನೋವು. "ಹೀಗೆ ಬರೆದರೆ ಕಾಗದ ಕೊಡಲ್ಲ" ಅನ್ನೋ ಆಫೀಸುಗಳೂ ಇವೆ. ಅದಕ್ಕೇನು ಮಾಡ್ತೀರಿ?

ಹಳೇ_ಗುಮಾಸ್ತ

ಕೊಡಲ್ಲ ಅಂದ್ರೆ ಬರಿಗೈಲಿ ವಾಪಸ್ ಬರಬೇಕು, ಅಷ್ಟೇ. ಸಹಿ ಹಾಕಿ ಕಾಗದ ತರೋದಕ್ಕಿಂತ ಅದೇ ವಾಸಿ. ಆದ್ರೆ ಅಲ್ಲಿಗೆ ಹೋಗದ ಹಾಗೆ ಮಾಡೋ ಉಪಾಯ ಇದೆ. ಮಳೆಹನಿ ಅವರೇ, ಹೋಗೋದಕ್ಕೆ ಎರಡು ದಿನ ಮುಂಚೆ ಪತ್ರದ ಸ್ಕ್ಯಾನ್ ಅನ್ನ ನಿಮ್ಮ ಹಳೆ ಆಫೀಸಿಗೆ ಮೇಲ್ ಮಾಡಬೇಕು. ಅವರಲ್ಲಿ ನಮೂದಾಗಿರೋ ನಿಮ್ಮ ಮೇಲ್ ವಿಳಾಸದಿಂದಲೇ. "ಇವರು ಬರ್ತಾರೆ, ಇಷ್ಟಕ್ಕೆ ಮಾತ್ರ ಸಹಿ ಹಾಕ್ತಾರೆ, ನಿಮ್ಮ ರಸೀದಿಯ ನಮೂನೆ ಮುಂಚೆಯೇ ಕಳಿಸಿ" ಅಂತ ಕೇಳಿ. ತಕರಾರು ಇದ್ದರೆ ಮೇಲಿನಲ್ಲೇ ಬರುತ್ತೆ. ಕೌಂಟರಿನ ಮುಂದೆ, ಹಿಂದೆ ಸಾಲು ನಿಂತಿರುವಾಗ ಬರಲ್ಲ.

ಸಂಜೆ_ಪಾಳಿ

ಇದನ್ನ ಒಪ್ತೀನಿ. ಮುಂಚೆ ಮೇಲ್ ಬಂದಿದ್ರೆ ಸಹಿ ಸ್ವಲ್ಪ ಬೇರೆ ಇದ್ದರೂ ನಮಗೆ ಧೈರ್ಯ ಬರುತ್ತೆ.

ಮಳೆಹನಿ

ನೀವೆಲ್ಲ ಹೇಳಿದ್ದು ಕೇಳಿ ಮತ್ತೆ ಬರೆದಿದ್ದೀನಿ. ನೋಡಿ ತಿದ್ದಿ.

"ವಿಷಯ: ನನ್ನ ದಾಖಲೆಗಳನ್ನು ಪಡೆಯಲು ಮಾತ್ರ ಅಧಿಕಾರ.

ನಾನು ________ (ಉದ್ಯೋಗಿ ಸಂಖ್ಯೆ ____), ಕೆಳಗೆ ಸಹಿ ಮಾಡಿರುವ ಶ್ರೀ ________ (ಗುರುತಿನ ಚೀಟಿಯ ಕೊನೆಯ 4 ಅಂಕಿ ____) ಅವರಿಗೆ ನನ್ನ ಪರವಾಗಿ ಈ ಕೆಳಗಿನ ದಾಖಲೆಗಳನ್ನು ಮಾತ್ರ ಪಡೆಯಲು ಅಧಿಕಾರ ಕೊಟ್ಟಿದ್ದೇನೆ.

1. ರಿಲೀವಿಂಗ್ ಲೆಟರ್, ಮೂಲ, 1 ಪ್ರತಿ
2. ಎಕ್ಸ್‌ಪೀರಿಯನ್ಸ್ ಲೆಟರ್, ಮೂಲ, 1 ಪ್ರತಿ
3. ಮಾರ್ಕ್ಸ್ ಕಾರ್ಡ್, ಮೂಲ, 2 ಹಾಳೆ (ಕೊನೆಯ ಎರಡು ವರ್ಷದ್ದು)
4. ಫೈನಲ್ ಸೆಟ್ಲ್‌ಮೆಂಟ್ ಲೆಕ್ಕದ ಹಾಳೆ, 1 ಪ್ರತಿ

ಕವರ್ ಇದ್ದರೆ ಕೌಂಟರಿನಲ್ಲೇ ಒಡೆದು ಎಣಿಸಬಹುದು. ದಾಖಲೆ ಕೈಗೆ ಬಂದಿದೆ ಎಂಬುದಕ್ಕೆ ಮಾತ್ರ ರಸೀದಿಗೆ ಸಹಿ ಮಾಡಬಹುದು. ಲೆಕ್ಕವನ್ನು ಒಪ್ಪಿಕೊಳ್ಳಲು, ಬಾಕಿ ಇಲ್ಲ ಎಂದು ಬರೆದುಕೊಡಲು, ಯಾವುದೇ ಹಕ್ಕು ಬಿಟ್ಟುಕೊಡಲು, ನನ್ನ ವಿವರ ಬದಲಿಸಲು, ಹಣ ಅಥವಾ ಚೆಕ್ ಪಡೆಯಲು ಇವರಿಗೆ ಅಧಿಕಾರ ಇಲ್ಲ. ಈ ಅಧಿಕಾರವನ್ನು ಇವರು ಬೇರೆಯವರಿಗೆ ಕೊಡುವಂತಿಲ್ಲ.

ಇದು ಜೂನ್ 9ರಿಂದ 13ರವರೆಗೆ, ಒಂದು ಸಲಕ್ಕೆ ಮಾತ್ರ."

ತುಂಬಾ ಕಟ್ಟುನಿಟ್ಟಾಯ್ತಾ? ಸಹೋದ್ಯೋಗಿ ನೋಡಿ "ನನ್ನ ಮೇಲೆ ನಂಬಿಕೆ ಇಲ್ವಾ" ಅಂದುಬಿಟ್ಟರೆ ಅಂತ ಭಯ.

ದಾರಿಹೋಕ

ನಾನಾಗಿದ್ರೆ ಕೈಮುಗಿದು ಥ್ಯಾಂಕ್ಸ್ ಹೇಳ್ತಿದ್ದೆ. "ಅಧಿಕಾರ ಇಲ್ಲ" ಅಂತ ಬರೆದಿರೋ ಸಾಲು ಅವರನ್ನೇ ಕಾಪಾಡುತ್ತೆ.

ಹಳೇ_ಗುಮಾಸ್ತ

ಚೆನ್ನಾಗಿದೆ. ಕೆಲವು ತಿದ್ದುಪಡಿ ಹೇಳ್ತೀನಿ.

"ಒಂದು ಸಲಕ್ಕೆ ಮಾತ್ರ" ತೆಗೆಯಿರಿ. ಮೊದಲ ದಿನ ಮೂರು ಕಾಗದ ಕೊಟ್ಟು "ನಾಲ್ಕನೇದು ನಾಡಿದ್ದು ಬನ್ನಿ" ಅಂದ್ರೆ ಏನು ಮಾಡ್ತೀರಿ? ಆ ಪದ ನಿಮಗೇ ತಿರುಗುತ್ತೆ. "ಜೂನ್ 13ರವರೆಗೆ ಅಥವಾ ನಾಲ್ಕೂ ಕೈಸೇರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ" ಅನ್ನಿ. ತಾರೀಕಿನ ಜೊತೆ ಇಸವಿ ಹಾಕಿ. ಇಸವಿ ಇಲ್ಲದ ಪತ್ರ ಪ್ರತಿ ಜೂನ್ ತಿಂಗಳಲ್ಲೂ ಜೀವ ಪಡೆಯುತ್ತೆ, ನಗಬೇಡಿ, ನೋಡಿದ್ದೀನಿ.

"ಕೆಳಗೆ ಸಹಿ ಮಾಡಿರುವ" ಅಂದಿದ್ದೀರಿ, ಆದ್ರೆ ಅವರ ಸಹಿಗೆ ಜಾಗವೇ ಬಿಟ್ಟಿಲ್ಲ. ಅವರ ಮಾದರಿ ಸಹಿ ಒಂದು ಬೇಕು, ಅದರ ಕೆಳಗೆ "ಮೇಲಿನ ಸಹಿ ಇವರದ್ದೇ" ಅಂತ ಬರೆದು ನಿಮ್ಮ ಸಹಿ. ಕೌಂಟರಿನವರು ರಸೀದಿ ಮೇಲಿನ ಸಹಿಯನ್ನ ಇದರ ಜೊತೆ ಹೋಲಿಸ್ತಾರೆ. ನೀವು ಬೇರೆ ಊರಲ್ಲಿ ಇದ್ದೀರಿ, ಹಾಗಾಗಿ ಅವರು ಒಂದು ಹಾಳೆ ಮೇಲೆ ಸಹಿ ಹಾಕಿ ನಿಮಗೆ ಕಳಿಸಲಿ, ನೀವು ದೃಢೀಕರಿಸಿ ವಾಪಸ್ ಕಳಿಸಿ. ಹಾಗೆ ಕಳಿಸುವಾಗ ಖಾಲಿ ಹಾಳೆ ಮೇಲೆ ಸಹಿ ಬೇಡ. ಪತ್ರ ಪೂರ್ತಿ ಟೈಪ್ ಆಗಿ ಪ್ರಿಂಟ್ ಆದ ಮೇಲೆ ಅದೇ ಹಾಳೆ ಮೇಲೆ.

ಪಟ್ಟಿ ಮುಗಿದ ತಕ್ಷಣ "ಒಟ್ಟು 4 ಬಗೆ, 5 ಹಾಳೆ" ಅಂತ ಬರೆದು ಕೆಳಗೆ ಒಂದು ಗೀಟು ಎಳೆಯಿರಿ. ಯಾರೂ "5." ಅಂತ ಸೇರಿಸೋಕಾಗಬಾರದು.

ಸಂಜೆ_ಪಾಳಿ

5 ಹಾಳೆ ಅಂತ ಹೇಗೆ ಹೇಳ್ತೀರಿ ಸರ್? ರಿಲೀವಿಂಗ್ ಲೆಟರ್ ಎರಡು ಪುಟ ಇರಬಹುದು. ಲೆಕ್ಕದ ಹಾಳೆಗೆ ಅನುಬಂಧ ಇರುತ್ತೆ. ಬಂದವರು "ಪತ್ರದಲ್ಲಿ 5 ಅಂತ ಇದೆ, ಇಲ್ಲಿ 7 ಇದೆ" ಅಂತ ನಿಂತುಬಿಡ್ತಾರೆ.

ಹಳೇ_ಗುಮಾಸ್ತ

ನಿಮ್ಮ ಮಾತು ಸರಿ, ನನ್ನದು ತಪ್ಪಾಯ್ತು. ಒಟ್ಟು 4 ಬಗೆ ಅಂತ ಮಾತ್ರ ಬರೀರಿ. ಹಾಳೆ ಸಂಖ್ಯೆ ಮಾರ್ಕ್ಸ್ ಕಾರ್ಡಿಗೆ ಮಾತ್ರ ಸಾಕು, ಅದು ಎರಡೇ ಅಂತ ನಿಮಗೆ ಗೊತ್ತಿದೆ. ಮಿಕ್ಕವು ಎಷ್ಟು ಹಾಳೆ ಅನ್ನೋದನ್ನ ಎಣಿಸಿ ರಸೀದಿಯಲ್ಲಿ ಬರೆಯಲಿ.

ಖಡಕ್_ಮಾತು

ಸಹೋದ್ಯೋಗಿ ಸಹಿ ಹೇಗೆ ಹಾಕಬೇಕು ಅಂತ ಯಾರೂ ಹೇಳಲೇ ಇಲ್ಲ. ಮಳೆಹನಿ ಅವರ ಹೆಸರನ್ನೇ ಬರೆದು ಸಹಿ ಹಾಕಿದ್ರೆ ಆಯ್ತು. ಅವರ ಪರವಾಗಿ ತಾನೇ ಹೋಗಿರೋದು?

ಹಳೇ_ಗುಮಾಸ್ತ

ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಬೇರೆಯವರ ಸಹಿಯನ್ನ ಹಾಕಿದ್ರೆ ಅದು ನಕಲಿ ಸಹಿ ಅನ್ನಿಸಿಕೊಳ್ಳುತ್ತೆ, ಕೈಯಲ್ಲಿ ಪತ್ರ ಇದ್ದರೂ. ತಮ್ಮ ಸಹಿ ತಾವೇ ಹಾಕಬೇಕು. ಅದರ ಕೆಳಗೆ ತಮ್ಮ ಹೆಸರು, ಆಮೇಲೆ "ಮಳೆಹನಿ ಅವರ ಪರವಾಗಿ, ಇಂಥ ತಾರೀಕಿನ ಅಧಿಕಾರ ಪತ್ರದ ಪ್ರಕಾರ", ತಾರೀಕು. ನಮ್ಮ ಕಥೆಯಲ್ಲಿ ಒಂದು ಸಾಲು ಜಾಸ್ತಿ ಬೇಕು. "ದಾಖಲೆ ಕೈಗೆ ಬಂದಿದ್ದಕ್ಕೆ ಮಾತ್ರ, ಲೆಕ್ಕಕ್ಕೆ ಒಪ್ಪಿಗೆ ಅಲ್ಲ." ಸಹಿಯ ಮೇಲ್ಗಡೆ ಬರೀಬೇಕು, ಕೆಳಗಡೆ ಅಲ್ಲ. ಕೆಳಗಡೆ ಬರೆದಿದ್ದು ಆಮೇಲೆ ಸೇರಿಸಿದ್ದು ಅಂತಾರೆ. ರಸೀದಿ ಎರಡು ಪ್ರತಿ ಇದ್ದರೆ ಎರಡರ ಮೇಲೂ. ಕಾರ್ಬನ್ ಪ್ರತಿ ಆದ್ರೆ ಅಕ್ಷರ ಕೆಳಗೆ ಮೂಡಿದೆಯಾ ಅಂತ ಎತ್ತಿ ನೋಡಬೇಕು.

ಅಂಚೆ_ಚೀಲ

ಬ್ಯಾಂಕಿಗೆ ಹೋಗಿದ್ದೆ. ಅವರದ್ದೇ ಫಾರಂ ಇದೆ ಅಂದ್ರು. ಗುಮಾಸ್ತರೇ, ಥ್ಯಾಂಕ್ಸ್. ಇನ್ನೊಂದು ಕೇಳ್ಲಾ? ಗುರುತಿನ ಚೀಟಿ ಜೆರಾಕ್ಸ್ ಕೊಟ್ಟರೆ ಅದನ್ನ ಬೇರೆಲ್ಲಾದರೂ ಬಳಸಲ್ವಾ?

ಸಂಜೆ_ಪಾಳಿ

ನಮ್ಮಲ್ಲಿ ಬಳಸಲ್ಲ, ಆದ್ರೆ ಕೇಳೋದು ನ್ಯಾಯ. ಜೆರಾಕ್ಸ್ ಮೇಲೆ ಅಡ್ಡಲಾಗಿ "ಇಂಥ ಆಫೀಸಿನಿಂದ ದಾಖಲೆ ಪಡೆಯಲು ಮಾತ್ರ" ಅಂತ ಬರೆದು ತಾರೀಕು ಹಾಕಿ. ಫೋಟೋ, ಹೆಸರು ಮುಚ್ಚದ ಹಾಗೆ, ಆದ್ರೆ ಅಕ್ಷರದ ಮೇಲೆ ಹಾದು ಹೋಗೋ ಹಾಗೆ. ಪಕ್ಕದ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು.

ಮಳೆಹನಿ

ಇನ್ನೊಂದು ಅನುಮಾನ. ಪತ್ರ ಕೊಟ್ಟ ಮೇಲೆ ಮನಸ್ಸು ಬದಲಾಯ್ತು ಅಂದ್ಕೊಳ್ಳಿ. ಸಹೋದ್ಯೋಗಿಗೆ "ಬೇಡ, ಹೋಗಬೇಡಿ" ಅಂದ್ರೆ ಸಾಕಲ್ವಾ?

ಹಳೇ_ಗುಮಾಸ್ತ

ಮೊದಲಿನ ಮಾತೇ ಇಲ್ಲೂ. ಆಫೀಸಿಗೆ ಗೊತ್ತಾಗೋವರೆಗೆ ಅವರ ಪಾಲಿಗೆ ಪತ್ರ ಜೀವಂತ. ಆಫೀಸಿಗೆ ಮೇಲ್ ಮಾಡಿ "ಇಂಥ ತಾರೀಕಿನ ಪತ್ರ ರದ್ದು" ಅಂತ ಹೇಳಿ, ಬಂತು ಅಂತ ಉತ್ತರ ತರಿಸಿಕೊಳ್ಳಿ. ಮೂಲ ಪತ್ರ ಸಹೋದ್ಯೋಗಿಯಿಂದ ವಾಪಸ್ ಪಡೆಯಿರಿ.

ಪತ್ರ ಎರಡು ಮಾಡಿ, ಎರಡಕ್ಕೂ ಸಹಿ ಮಾಡಿ. ಒಂದು ಕೌಂಟರಿನವರು ಇಟ್ಟುಕೊಳ್ತಾರೆ. ಇನ್ನೊಂದರ ಮೇಲೆ ಅವರ ಸೀಲು, ತಾರೀಕು ಹಾಕಿಸಿಕೊಂಡು ತರಬೇಕು. ಅಧಿಕಾರ ಎಷ್ಟಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಮಳೆಹನಿ

ಸರಿ. ಪತ್ರ ಕೊರಿಯರ್ ಮಾಡಿದೆ. ಮೇಲ್ ಕೂಡ ಮಾಡಿದ್ದೀನಿ. ರಸೀದಿಯ ನಮೂನೆ ಕೇಳಿದ್ದಕ್ಕೆ ಉತ್ತರ ಇಲ್ಲ, "ಪತ್ರ ಸಿಕ್ಕಿದೆ" ಅಂತ ಮಾತ್ರ ಬರೆದಿದ್ದಾರೆ.

ಬ್ಯಾಗ್_ಹೊತ್ತವನು

ನಮಸ್ಕಾರ, ಆ ಸಹೋದ್ಯೋಗಿ ನಾನೇ. ಮಳೆಹನಿ ಮೇಡಂ ಈ ಚರ್ಚೆ ಕಳಿಸಿದ್ದರು, ಪೂರ್ತಿ ಓದಿಯೇ ಹೋದೆ. ಇವತ್ತು ಆಗಿದ್ದು ಹೇಳ್ತೀನಿ.

ಹನ್ನೊಂದು ಗಂಟೆಗೆ ಕೌಂಟರಿಗೆ ಹೋದೆ. ಸಹಿ ಹೋಲಿಸಿದರು, ಗುರುತಿನ ಚೀಟಿ ನೋಡಿದರು, ಒಂದೆರಡು ನಿಮಿಷ. ರಸೀದಿ ಇಟ್ಟರು. ಗುಮಾಸ್ತ ಸರ್ ಹೇಳಿದ ಹಾಗೇ ಇತ್ತು, ಮೇಲೆ ಪಟ್ಟಿ, ಕೆಳಗೆ "ಎಲ್ಲ ಬಾಕಿ ಚುಕ್ತಾ ಆಗಿದೆ" ಅನ್ನೋ ಸಾಲು. ನಗು ಬಂತು.

ನಾನು "ಈ ಸಾಲಿಗೆ ನನಗೆ ಅಧಿಕಾರ ಇಲ್ಲ, ಪತ್ರದಲ್ಲಿ ನೋಡಿ" ಅಂದೆ. ಅವರು "ಎಲ್ಲರೂ ಹಾಕ್ತಾರೆ ಸರ್" ಅಂದ್ರು. ನಾನು ಪತ್ರದ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದೆ. ಅವರು ಒಳಗೆ ಹೋದರು, ಮುಕ್ಕಾಲು ಗಂಟೆ. ಬಂದು "ಸಾಲು ಹೊಡೆಯಬೇಡಿ, ಬೇಕಾದರೆ ಮೇಲೆ ಬರೆದುಕೊಳ್ಳಿ" ಅಂದ್ರು. ಸಹಿಯ ಮೇಲ್ಗಡೆ ಬರೆದೆ. ಎರಡು ಪ್ರತಿ ಮೇಲೂ.

ಆಮೇಲೆ ಕವರ್ ಒಡೆದೆ. ರಿಲೀವಿಂಗ್ ಲೆಟರ್ ಎರಡು ಹಾಳೆ, ಎಕ್ಸ್‌ಪೀರಿಯನ್ಸ್ ಒಂದು, ಲೆಕ್ಕದ ಹಾಳೆ ಮೂರು. ಮಾರ್ಕ್ಸ್ ಕಾರ್ಡ್ ಎರಡು. ಒಂದರ ಹಿಂಬದಿ ಮುಟ್ಟಿ ನೋಡಿದೆ, ಉಬ್ಬು ಮುದ್ರೆ ಬೆರಳಿಗೆ ಸಿಕ್ಕಿತು. ಇನ್ನೊಂದು ನುಣ್ಣಗಿತ್ತು. ಬೆಳಕಿಗೆ ಹಿಡಿದರೆ ಬಣ್ಣದ ಜೆರಾಕ್ಸ್. ರಸೀದಿಯಲ್ಲಿ "ಮೂಲ, 2" ಅಂತಿತ್ತು. ಆ ಸಾಲಿನ ಪಕ್ಕ "ಮೂಲ 1, ಜೆರಾಕ್ಸ್ 1, ಇನ್ನೊಂದು ಮೂಲ ಬಂದಿಲ್ಲ" ಅಂತ ಬರೆದು ಚಿಕ್ಕ ಸಹಿ ಹಾಕಿದೆ. ಕೌಂಟರಿನವರ ಕೈಯಲ್ಲೂ ಹಾಕಿಸಿದೆ. ಕೊನೆಗೆ ಪೂರ್ತಿ ಸಹಿ.

ದಾರಿಹೋಕ

ಅಬ್ಬಾ. ಬೆರಳಿಂದ ಮುಟ್ಟಿ ನೋಡಿದ್ರಲ್ಲ, ಅಲ್ಲಿಗೆ ನೀವು ಗೆದ್ದಿರಿ.

ಸಂಜೆ_ಪಾಳಿ

ಜೆರಾಕ್ಸ್ ಇಟ್ಟಿದ್ದು ಕೆಟ್ಟ ಉದ್ದೇಶದಿಂದ ಅಂತ ಅಂದ್ಕೋಬೇಡಿ. ಪರಿಶೀಲನೆಗೆ ತೆಗೆದಿಟ್ಟ ಮೂಲ ಬೇರೆ ಫೈಲಿಗೆ ಸೇರಿರಬಹುದು. ಇಂಥದ್ದು ಆಗುತ್ತೆ.

ಖಡಕ್_ಮಾತು

"ಚುಕ್ತಾ" ಅನ್ನೋ ಸಾಲನ್ನ ಹೊಡೆಯದೆ ಮೇಲೆ ಬರೆದರೆ ಸಾಕಾ? ನನಗೆ ಈಗಲೂ ಅನುಮಾನ. ಅಚ್ಚಿನ ಸಾಲು ಹಾಗೇ ಇದೆಯಲ್ಲ.

ಹಳೇ_ಗುಮಾಸ್ತ

ನಿಮ್ಮ ಅನುಮಾನ ಸುಮ್ನೆ ಅಲ್ಲ. ಹೊಡೆದಿದ್ದರೆ ಇನ್ನೂ ಸ್ವಚ್ಛ. ಆದ್ರೆ ಪತ್ರದಲ್ಲಿ ಅಧಿಕಾರ ಇಲ್ಲ ಅಂತ ಇದೆ, ರಸೀದಿ ಮೇಲೆ ಕೈಬರಹ ಇದೆ, ಮುಂಚೆ ಕಳಿಸಿದ ಮೇಲ್ ಇದೆ. ಮೂರೂ ಒಂದೇ ಮಾತು ಹೇಳ್ತಿವೆ. ಮಳೆಹನಿ ಅವರೇ, ನೀವು ಇವತ್ತೇ ಒಂದು ಮೇಲ್ ಹಾಕಿಬಿಡಿ. "ದಾಖಲೆ ಬಂದಿದೆ, ಒಂದು ಮೂಲ ಮಾರ್ಕ್ಸ್ ಕಾರ್ಡ್ ಬಂದಿಲ್ಲ, ರಜೆ 11 ದಿನದ ವಿಷಯ ಬಾಕಿ ಇದೆ." ಸುಮ್ಮನಿದ್ದರೆ ಒಪ್ಪಿದಿರಿ ಅಂದ್ಕೊಳ್ಳೋರು ಇರ್ತಾರೆ.

ಮಳೆಹನಿ

ಹಾಕಿದೆ. ಮೂಲ ಹುಡುಕ್ತೀವಿ, ಹತ್ತು ದಿನ ಕೊಡಿ ಅಂತ ಉತ್ತರ ಬಂತು. ರಜೆ ವಿಷಯ ಎತ್ತಲೇ ಇಲ್ಲ. ಹತ್ತು ದಿನ ಅಂದ್ರೆ ಜೂನ್ 13 ದಾಟುತ್ತೆ. ಅದೇ ಪತ್ರ ನಡೆಯುತ್ತಾ?

ಸಂಜೆ_ಪಾಳಿ

ನಮ್ಮಲ್ಲಾದ್ರೆ ಹಳೆ ಪತ್ರದಲ್ಲೇ ಕೊಟ್ಟುಬಿಡ್ತೀವಿ, ಒಂದು ಮೇಲ್ ಇದ್ರೆ ಸಾಕು.

ಹಳೇ_ಗುಮಾಸ್ತ

ನಾನು ಒಪ್ಪಲ್ಲ. ತಾರೀಕು ನಾವೇ ಹಾಕಿದ್ದು, ನಾವೇ ಮುರಿದರೆ ಪತ್ರದ ಮಿಕ್ಕ ಸಾಲುಗಳನ್ನ ಅವರ್ಯಾಕೆ ಲೆಕ್ಕಕ್ಕೆ ಇಟ್ಟುಕೊಳ್ತಾರೆ? ಹೊಸ ಪತ್ರ ಬರೀರಿ. ಪಟ್ಟಿಯಲ್ಲಿ ಒಂದೇ ಸಾಲು ಇರಲಿ, "ಮೂಲ ಮಾರ್ಕ್ಸ್ ಕಾರ್ಡ್, 1 ಹಾಳೆ". ಹಿಂದಿನ ರಸೀದಿಯ ತಾರೀಕು ಹಾಕಿ, "ಅದರಲ್ಲಿ ಬಂದಿಲ್ಲ ಎಂದು ನಮೂದಿಸಿದ್ದು" ಅಂತ ಸೇರಿಸಿ.

ಬ್ಯಾಗ್_ಹೊತ್ತವನು

ನಾನೇ ಹೋಗ್ತೀನಿ ಮೇಡಂ, ಪತ್ರ ಕಳಿಸಿ. ಈ ಸಲ ಸಹಿ ಜಾಗ ಸ್ವಲ್ಪ ದೊಡ್ಡದಾಗಿ ಬಿಡಿ, ಹೋದ ಸಲ ಸಹಿ ನಿಮ್ಮ ಹೆಸರಿನ ಮೇಲೇ ಹತ್ತಿಬಿಟ್ಟಿತ್ತು.